ಬಣ್ಣ ಎಲ್ಲಿ ಕೂತಿದೆ, ಯಾವುದು ಹಿಡಿದಿದೆ

ಪುಟ್ಟೀ,

ಹಬ್ಬಕ್ಕೆ ಬಂದಾಗ ನೀನು ಬಿಟ್ಟುಹೋದ ಎರಡು ಬಟ್ಟೆ ನನ್ನ ಮುಂದೆ ಹರಡಿವೆ. ಒಂದು ಪೋಚಂಪಲ್ಲಿಯ ಕೆಂಪು-ಬಿಳಿ ಹತ್ತಿ ದುಪಟ್ಟಾ. ಮೊದಲ ಸಂಬಳದಲ್ಲಿ ಕೊಂಡದ್ದು, ಒಂದೇ ಒಗೆತಕ್ಕೆ ಅದರ ಬಿಳಿ ಚೌಕಗಳೆಲ್ಲ ಗುಲಾಬಿಯಾಗಿದ್ದವು. ಇನ್ನೊಂದು ‘ಇಕ್ಕತ್’ ಎಂದು ಹೇಳಿ ಯಾರೋ ಮಾರಿದ ನೀಲಿ ಕುರ್ತಾ. ಆರು ತಿಂಗಳಿಗೆ ಅದರ ಕಾಲರಿನ ಮಡಿಕೆ, ತೋಳಿನ ತುದಿ, ಜೇಬಿನ ಬಾಯಿ ಬೆಳ್ಳಗಾಗಿವೆ. “ನೇಯ್ದದ್ದು ಬಣ್ಣ ಬಿಡಲ್ಲ, ಪ್ರಿಂಟು ಬಿಡುತ್ತೆ ಅಂತ ನೀವೇ ಹೇಳ್ತಿದ್ರಲ್ಲ ದೊಡ್ಡಮ್ಮ, ಈಗ ಎರಡೂ ಹೋಯ್ತಲ್ಲ?” ಅಂತ ನೀನು ಕೇಳಿದಾಗ ಅಡುಗೆಮನೆಯಲ್ಲಿ ಹೋಳಿಗೆ ಬೇಯುತ್ತಿತ್ತು, ಉತ್ತರ ಕೊಡಲಿಲ್ಲ. ಈಗ ಕೊಡುತ್ತೇನೆ.

ಆ ಮಾತು ನಾನು ಹೇಳಿದ್ದು ನಿಜ. ದಾವಣಗೆರೆಯ ನಮ್ಮ ಅಂಗಡಿಯಲ್ಲಿ ಗಿರಾಕಿಗಳಿಗೂ ವರ್ಷಗಟ್ಟಲೆ ಅದನ್ನೇ ಹೇಳಿದ್ದೇನೆ. ಅದು ಅರ್ಧ ಸತ್ಯ, ವ್ಯಾಪಾರಕ್ಕೆ ಅನುಕೂಲವಾದ ಅರ್ಧ. ಬಟ್ಟೆಯ ಬಣ್ಣದ ವಿಚಾರದಲ್ಲಿ ಕೇಳಬೇಕಾದ ಪ್ರಶ್ನೆ ಎರಡು. ಬಣ್ಣ ಎಲ್ಲಿ ಕೂತಿದೆ? ಅದನ್ನು ಯಾವುದು ಹಿಡಿದಿದೆ? ನೇಯ್ಗೆಯೋ ಅಚ್ಚೋ ಅನ್ನುವುದು ಮೊದಲನೆಯ ಪ್ರಶ್ನೆಗೆ ಮಾತ್ರ ಉತ್ತರ. ಎರಡನೆಯದು ಬಣ್ಣದ ಜಾತಿಗೆ ಸೇರಿದ್ದು. ನಿನ್ನ ಕುರ್ತಾ ಸೋತದ್ದು ಮೊದಲನೆಯದರಲ್ಲಿ, ದುಪಟ್ಟಾ ಸೋತದ್ದು ಎರಡನೆಯದರಲ್ಲಿ. ಸೋಲು ಬೇರೆ ಬೇರೆಯಾದ್ದರಿಂದ ಆರೈಕೆಯೂ ಬೇರೆ.

ನಿನ್ನೆ ಮಧ್ಯಾಹ್ನ ಬೆಳಕು ಚೆನ್ನಾಗಿತ್ತು. ಕಿಟಕಿ ಹತ್ತಿರ ಕೂತು ಸೂಜಿಯಿಂದ ಎರಡೂ ಬಟ್ಟೆಯಿಂದ ಒಂದೊಂದು ಎಳೆ ಬಿಡಿಸಿದೆ. ದುಪಟ್ಟಾದ ಕುಚ್ಚಿನ ಪಕ್ಕದಿಂದ ಒಂದು ಹೊಕ್ಕಿನ ಎಳೆ, ಕುರ್ತಾದ ಬಗಲಿನ ಹೊಲಿಗೆಯ ಒಳಗಿರುವ ಹೆಚ್ಚುವರಿ ಬಟ್ಟೆಯಿಂದ ಇನ್ನೊಂದು. ಎರಡನ್ನೂ ಈ ಕಾಗದಕ್ಕೆ ಟೇಪು ಹಚ್ಚಿ ಅಂಟಿಸಿದ್ದೇನೆ, ನೋಡು. ದುಪಟ್ಟಾದ ಎಳೆ ಬೆರಳುದ್ದ ಕೆಂಪು, ಆಮೇಲೆ ಬೆರಳುದ್ದ ಬಿಳಿ, ಮತ್ತೆ ಕೆಂಪು. ಕೆಂಪು ಮುಗಿದು ಬಿಳಿ ಶುರುವಾಗುವ ಕಡೆ ಅಕ್ಕಿಕಾಳಿನಷ್ಟು ಜಾಗ ಎರಡೂ ಅಲ್ಲದ ಮಸುಕು. ಕೆಂಪು ಭಾಗವನ್ನು ಉಗುರಿನಿಂದ ಬಿಚ್ಚಿ ನಾರು ನಾರಾಗಿಸಿದರೆ ಒಳಗೂ ಕೆಂಪೇ. ಕುರ್ತಾದ ಎಳೆ ಹಾಗಿಲ್ಲ. ಅದರ ಮೈಮೇಲೆ ಸಾಸಿವೆ ಕಾಳಿನಷ್ಟು ದೂರದೂರಕ್ಕೆ ನೀಲಿ ಚುಕ್ಕಿ, ಮಧ್ಯೆ ಮಧ್ಯೆ ಬಿಳಿ. ಹಿಂದಕ್ಕೆ ತಿರುಗಿಸಿದರೆ ಹೆಚ್ಚುಕಡಿಮೆ ಬಿಳಿಯೇ. ನೇಯ್ಗೆಯಲ್ಲಿ ಆ ಎಳೆ ಮೇಲೆ ಬಂದ ಕಡೆಯಲ್ಲಿ ಬಣ್ಣ ಹತ್ತಿದೆ, ಅಡ್ಡ ಎಳೆಯ ಅಡಿಗೆ ಹೋದ ಕಡೆಯಲ್ಲಿ ಹತ್ತಿಲ್ಲ. ಬಟ್ಟೆ ಮೊದಲು ನೇಯ್ದು, ಚಿತ್ರ ಆಮೇಲೆ ಬಂತು ಅನ್ನುವುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಕ್ಕತ್‌ನಲ್ಲಿ ಕ್ರಮ ತಿರುಗಮುರುಗ. ಹೈದರಾಬಾದಿನಿಂದ ಒಂದು ಗಂಟೆಯ ಹಾದಿಯಲ್ಲಿರುವ ಪೋಚಂಪಲ್ಲಿಗೆ ನಾನು ಮೊದಲ ಸಲ ಹೋದಾಗ ಮಗ್ಗ ನೋಡುವ ಆಸೆಯಿಂದ ಹೋಗಿದ್ದೆ. ಮಗ್ಗಕ್ಕಿಂತ ಹೆಚ್ಚು ಹೊತ್ತು ನೋಡಿದ್ದು ಒಬ್ಬ ಹೆಂಗಸಿನ ಕೈ. ಗೋಡೆಗೆ ಒರಗಿಸಿದ ಅರ್ಧಚಂದ್ರದ ಚೌಕಟ್ಟಿನಲ್ಲಿ ಸಾಲಾಗಿ ಕಡ್ಡಿಗಳು. ನಡುವಿನ ಗೂಟದಿಂದ ಕಡ್ಡಿಗೆ, ಕಡ್ಡಿಯಿಂದ ಗೂಟಕ್ಕೆ ಆಕೆ ನೂಲನ್ನು ಸುತ್ತುತ್ತಲೇ ಇದ್ದಳು. ಅದನ್ನು ಅವರು ಆಸು ಅನ್ನುತ್ತಾರೆ. ಒಂದು ಸೀರೆಯ ನೂಲಿಗೆ ಸಾವಿರಾರು ಸಲ ಕೈ ಹೀಗೆ ಓಡಬೇಕು. ಆ ಕಡೆಯ ಚಿಂತಕಿಂದಿ ಮಲ್ಲೇಶಂ ಎಂಬುವರು ತಾಯಿಯ ಭುಜನೋವು ನೋಡಲಾರದೆ ಅದಕ್ಕೊಂದು ಯಂತ್ರ ಕಟ್ಟಿದರು. 2017ರಲ್ಲಿ ಪದ್ಮಶ್ರೀ ಬಂತು. ಹೀಗೆ ಸುತ್ತಿದ ಎಳೆಗಳ ಕಂತೆಯ ಮೇಲೆ ಚಿತ್ರದ ಗುರುತು ಹಾಕಿ, ಬಣ್ಣ ಹತ್ತಬಾರದ ಕಡೆಯಲ್ಲಿ ಸೈಕಲ್ ಟ್ಯೂಬಿನ ರಬ್ಬರ್ ಪಟ್ಟಿಯನ್ನು ಬಿಗಿಯಾಗಿ ಸುತ್ತಿ ಕಟ್ಟುತ್ತಾರೆ. ಆಮೇಲೆ ಕಂತೆಯನ್ನೇ ಬಣ್ಣದ ತೊಟ್ಟಿಗೆ ಅದ್ದುತ್ತಾರೆ. ಇನ್ನೊಂದು ಬಣ್ಣ ಬೇಕಾದರೆ ಕೆಲವು ಕಟ್ಟು ಬಿಚ್ಚಿ, ಬೇರೆ ಕಡೆ ಕಟ್ಟಿ ಮತ್ತೆ ಅದ್ದುತ್ತಾರೆ. ಕಟ್ಟೆಲ್ಲ ಬಿಚ್ಚಿದಾಗ ನೂಲಿನಲ್ಲೇ ಚಿತ್ರ ತುಂಡು ತುಂಡಾಗಿ ಕೂತಿರುತ್ತದೆ. ಮಗ್ಗದ ಮೇಲೆ ಆ ತುಂಡುಗಳು ಪಕ್ಕಪಕ್ಕ ಕೂಡಿಕೊಂಡು ಹೂವೋ ಆನೆಯೋ ಆಗುತ್ತವೆ.

ಅಂಚು ಮಸುಕಾಗುವುದು ಈ ಕಾರಣಕ್ಕೆ. ಕಟ್ಟಿನ ಅಡಿಗೆ ಬಣ್ಣದ ನೀರು ಒಂಚೂರು ನುಸುಳುತ್ತದೆ, ಮಗ್ಗದ ಮೇಲೆ ಎಳೆ ಒಂಚೂರು ಜಾರುತ್ತದೆ. ಹೊಕ್ಕಿನ ಇಕ್ಕತ್‌ನಲ್ಲಿ ನೇಕಾರ ಪ್ರತಿ ಸಲ ಲಾಳಿ ಓಡಿಸಿದ ಮೇಲೂ ಚಿತ್ರ ಕೂಡುತ್ತಿದೆಯೇ ನೋಡಿ ಎಳೆಯನ್ನು ಅಂಚಿನ ಕಡೆಗೆ ಎಳೆದು ಸರಿಪಡಿಸುತ್ತಾನೆ. ಹಾಗೆ ಎಳೆದ ಎಳೆಗಳ ಪುಟ್ಟ ಕುಣಿಕೆಗಳು ಅಲ್ಲಲ್ಲಿ ಅಂಚಿನಿಂದ ಹೊರಗೆ ಇಣುಕುತ್ತಿರುತ್ತವೆ. ನಿನ್ನ ದುಪಟ್ಟಾದ ಎಡ ಅಂಚಿನಲ್ಲಿ ಬೆರಳಾಡಿಸಿದರೆ ಸಿಗುತ್ತವೆ, ಕತ್ತರಿಸಬೇಡ.

ಪ್ರಿಂಟು ಮಾಡುವವರು ಈ ಮಸುಕನ್ನೂ ಪ್ರಿಂಟು ಮಾಡುತ್ತಾರೆ. ಆದರೆ ಅವರ ಮಸುಕು ಬಾಯಿಪಾಠದ ಮಸುಕು. ನಿನ್ನ ಕುರ್ತಾದಲ್ಲಿ ಒಂದು ಹೂವಿನ ಬಲಗಡೆ ಎಸಳಿನ ತುದಿಯಲ್ಲಿ ಕೊಕ್ಕೆಯಂಥ ಒಂದು ಹಲ್ಲು ಇದೆ. ಗೇಣು ದಾಟಿ ಮುಂದಿನ ಹೂವಿಗೆ ಹೋದರೂ ಅದೇ ಎಸಳು, ಅದೇ ಕೊಕ್ಕೆ. ಬೆನ್ನಿನ ಕಡೆ ತಿರುಗಿಸಿದರೆ ಅಲ್ಲೂ ಅದೇ. ಕೈಯಲ್ಲಿ ಕಟ್ಟಿದ ನೂಲು ಎರಡು ಸಲ ಒಂದೇ ರೀತಿ ತಪ್ಪುವುದಿಲ್ಲ.

“ಹಿಂದೆ ಮುಂದೆ ಒಂದೇ ಥರ ಕಂಡರೆ ಇಕ್ಕತ್” ಅಂತ ಅಂಗಡಿಗಳಲ್ಲಿ ಹೇಳುತ್ತಾರೆ. ಅದನ್ನಷ್ಟೇ ನಂಬಬೇಡ. ತೆಳುವಾದ ಹತ್ತಿಬಟ್ಟೆಗೆ ಹೊಡೆದ ಪ್ರಿಂಟು ಹಿಂದಕ್ಕೂ ಇಳಿಯುತ್ತದೆ, ಅಜ್ರಖ್‌ನಲ್ಲಂತೂ ಎರಡೂ ಬದಿಗೆ ಅಚ್ಚು ಒತ್ತುವ ಪದ್ಧತಿಯೇ ಇದೆ. ಎಳೆ ಮಾತ್ರ ಸುಳ್ಳು ಹೇಳುವುದಿಲ್ಲ.

ಈಗ ಕುರ್ತಾ ಯಾಕೆ ಬೆಳ್ಳಗಾಯಿತು ಅನ್ನುವುದು ನಿನಗೇ ಗೊತ್ತಾಗಿರಬೇಕು. ಕಡಿಮೆ ಬೆಲೆಯ ಬಹುಪಾಲು ಪ್ರಿಂಟುಗಳಲ್ಲಿ ಪಿಗ್ಮೆಂಟ್ ಬಳಸುತ್ತಾರೆ. ಅದು ನೀರಿನಲ್ಲಿ ಕರಗದ ಬಣ್ಣದ ಪುಡಿ, ನೂಲಿಗೂ ಅದಕ್ಕೂ ನೆಂಟಸ್ತಿಕೆ ಇಲ್ಲ. ಬೈಂಡರ್ ಎಂಬ ಅಂಟಿನಲ್ಲಿ ಕಲಸಿ ಬಟ್ಟೆಯ ಮೇಲೆ ಹಚ್ಚಿ, ಸುಮಾರು 150 ಡಿಗ್ರಿ ಬಿಸಿಯಲ್ಲಿ ಆ ಅಂಟನ್ನು ಬಲಿಸುತ್ತಾರೆ. ಗೋಡೆಗೆ ಸುಣ್ಣ ಬಳಿದ ಹಾಗೆ, ಬಣ್ಣ ಮೇಲೆ ನಿಂತಿರುತ್ತದೆ. ನೀರು ಅದನ್ನು ಅಷ್ಟು ಸುಲಭಕ್ಕೆ ತೆಗೆಯುವುದಿಲ್ಲ, ಬಿಸಿಲಿಗೂ ಅದು ಚೆನ್ನಾಗಿಯೇ ತಡೆಯುತ್ತದೆ. ಅದರ ಶತ್ರು ಉಜ್ಜಾಟ. ಬಟ್ಟೆ ಎಲ್ಲಿ ಮಡಚಿಕೊಳ್ಳುತ್ತದೋ, ಕುತ್ತಿಗೆ ಎಲ್ಲಿ ತಾಗುತ್ತದೋ, ಬ್ಯಾಗಿನ ಪಟ್ಟಿ ಎಲ್ಲಿ ಜಾರುತ್ತದೋ ಅಲ್ಲಿ ಅಂಟಿನ ಪದರ ಸವೆಯುತ್ತದೆ, ಅಡಿಯ ಬಿಳಿ ನೂಲು ಮುಖ ತೋರಿಸುತ್ತದೆ. ನಿನ್ನ ಕುರ್ತಾದ ಎದೆಯ ಭಾಗ ಇನ್ನೂ ಹೊಸದರಂತಿದೆ, ಹೋದದ್ದೆಲ್ಲ ಮಡಿಕೆಗಳೇ. ಒಗೆತಕ್ಕೆ ಬಣ್ಣ ಬಿಟ್ಟಿದ್ದರೆ ಎಲ್ಲ ಕಡೆ ಒಂದೇ ಸಮ ಮಂಕಾಗುತ್ತಿತ್ತು.

ಇಕ್ಕತ್ ಮಡಿಕೆಯಲ್ಲಿ ಸವೆದರೂ ಒಳಗಿನಿಂದ ಅದೇ ಬಣ್ಣ ಮೇಲೆ ಬರುತ್ತದೆ. ಹಳೆಯ ಪೋಚಂಪಲ್ಲಿ ಸೀರೆ ಮಂಕಾದಾಗ ಎರಡೂ ಬದಿ ಸಮನಾಗಿ ಮಂಕಾಗುತ್ತದೆ, ಮೊಳಕಾಲಿನ ಹತ್ತಿರ ಬಿಳಿ ಗೆರೆ ಬೀಳುವುದಿಲ್ಲ. ಇದಕ್ಕೂ ಒಂದು ಮಿತಿ ಇದೆ. ನೀಲಿಬಣ್ಣ, ಇಂಡಿಗೊ, ನೂಲಿನ ತಿರುಳಿನ ತನಕ ಹೋಗುವುದಿಲ್ಲ, ಸುತ್ತ ಉಂಗುರದ ಹಾಗೆ ಕೂರುತ್ತದೆ. ಜೀನ್ಸ್ ಮೊಳಕಾಲಿನಲ್ಲಿ ಬಿಳಿಚಿಕೊಳ್ಳುವುದು ಅದಕ್ಕೇ. ಇಂಡಿಗೊ ಅದ್ದಿದ ಇಕ್ಕತ್ ಕೂಡ ಉಜ್ಜಿದರೆ ಹಾಗೇ ಆಗುತ್ತದೆ, ಅದು ದೋಷ ಅಂತ ಅಂಗಡಿಯವನ ಜೊತೆ ಜಗಳಕ್ಕೆ ಹೋಗಬೇಡ.

ಮುಟ್ಟಿದರೂ ವ್ಯತ್ಯಾಸ ಸಿಗುತ್ತದೆ. ಕಣ್ಣು ಮುಚ್ಚಿ ಹೆಬ್ಬೆರಳನ್ನು ಕುರ್ತಾದ ಬಿಳಿಯಿಂದ ನೀಲಿಗೆ ಜಾರಿಸು. ನೀಲಿ ಶುರುವಾದ ಕಡೆ ಸಣ್ಣ ಬಿಗುವು ಸಿಗುತ್ತದೆ, ಎಣ್ಣೆ ಬಟ್ಟೆಯ ಹಾಗೆ. ಅಲ್ಲಿ ಒಂದು ಹನಿ ನೀರು ಬಿಟ್ಟರೆ ಬಿಳಿ ಭಾಗಕ್ಕಿಂತ ತಡವಾಗಿ ಇಂಗುತ್ತದೆ. ಏಪ್ರಿಲ್ ಬಿಸಿಲಿನಲ್ಲಿ ಆ ಕುರ್ತಾ ಬೆನ್ನಿಗೆ ಅಂಟುತ್ತದೆ ಅಂತ ನೀನು ದೂರುತ್ತಿದ್ದೆಯಲ್ಲ, ಅಂಟಿನ ಪದರ ಬೆವರನ್ನು ಹೀರಲು ಬಿಡದಿರುವುದೇ ಕಾರಣ. ಇಕ್ಕತ್‌ನಲ್ಲಿ ಬಿಳಿಯೂ ಕೆಂಪೂ ಕೈಗೆ ಒಂದೇ. ಹೊಸತರಲ್ಲಿ ಕೈಮಗ್ಗದ ಬಟ್ಟೆ ಗರಗರ ಅನ್ನುವುದು ಹಾಸಿನ ನೂಲಿಗೆ ಹಾಕಿದ ಗಂಜಿಯಿಂದ. ಎರಡು ಒಗೆತಕ್ಕೆ ಗಂಜಿ ಹೋಗಿ ಬಟ್ಟೆ ಮೆತ್ತಗಾಗುತ್ತದೆ, ತುಸು ಮುದುಡುತ್ತದೆ ಕೂಡ. ಅದಕ್ಕೇ ಇಕ್ಕತ್ ಬಟ್ಟೆಯನ್ನು ಹೊಲಿಸುವ ಮೊದಲು ಒಮ್ಮೆ ನೀರು ಕಾಣಿಸಬೇಕು. ಪಿಗ್ಮೆಂಟಿನ ಬಿಗುವು ಹೀಗೆ ಹೋಗುವುದಿಲ್ಲ, ಹೋದರೆ ಬಣ್ಣದ ಜೊತೆಗೇ ಹೋಗುತ್ತದೆ.

ಪ್ರಿಂಟೆಲ್ಲ ಇಂಥದ್ದೇ ಅಂದುಕೊಳ್ಳಬೇಡ. ರಿಯಾಕ್ಟಿವ್ ಎಂಬ ಜಾತಿಯ ಬಣ್ಣದಲ್ಲಿ ಪ್ರಿಂಟು ಮಾಡಿ, ಹಬೆಯಲ್ಲಿ ಬೇಯಿಸಿ, ಚೆನ್ನಾಗಿ ತೊಳೆದ ಹತ್ತಿಬಟ್ಟೆಯಲ್ಲಿ ಅಂಟೂ ಇಲ್ಲ ಬಿಗುವೂ ಇಲ್ಲ. ಬಣ್ಣ ನೂಲಿನ ಜೊತೆ ರಾಸಾಯನಿಕವಾಗಿಯೇ ಬೆಸೆದುಕೊಂಡಿರುತ್ತದೆ. ಅಂಥ ಪ್ರಿಂಟು ಒಗೆತದಲ್ಲಿ ಕೆಟ್ಟ ಬಣ್ಣದ ಇಕ್ಕತ್ತನ್ನು ಸಲೀಸಾಗಿ ಸೋಲಿಸುತ್ತದೆ. ನಾನು ಮನೆಯಲ್ಲಿ ದಿನಾ ಉಡುವ ಸೀರೆಗಳಲ್ಲಿ ಎರಡು ಅಂಥವೇ. ಇದನ್ನು ಅಂಗಡಿಯಲ್ಲಿ ಇದ್ದಾಗ ಹೇಳುತ್ತಿರಲಿಲ್ಲ.

ದುಪಟ್ಟಾದ ವಿಷಯಕ್ಕೆ ಬರುವ ಮೊದಲು ನನ್ನದೇ ಒಂದು ಪೆಟ್ಟಿನ ಕತೆ ಹೇಳಬೇಕು. ಒಬ್ಬ ಸಗಟು ವ್ಯಾಪಾರಿಯಿಂದ ಹನ್ನೆರಡು ಕೆಂಪು-ಬಿಳಿ ಹತ್ತಿ ಇಕ್ಕತ್ ಸೀರೆ ತಂದಿದ್ದೆ. ನೇಯ್ಗೆ ಅಪ್ಪಟ, ಎಳೆ ಬಿಡಿಸಿ ನೋಡಿಯೇ ತಂದದ್ದು. ಒಂದೇ ತಿಂಗಳಲ್ಲಿ ಏಳು ಸೀರೆ ವಾಪಸು ಬಂದವು, ಎಲ್ಲದರ ಬಿಳಿಯೂ ಗುಲಾಬಿ. ಒಬ್ಬ ಮೇಷ್ಟ್ರ ಹೆಂಡತಿ ಏನೂ ಬೈಯದೆ ಸೀರೆಯನ್ನು ಗಲ್ಲಾದ ಮೇಲೆ ಬಿಡಿಸಿಟ್ಟು, “ಇದನ್ನು ನಿಮ್ಮ ಮಗಳಿಗೆ ಉಡಿಸ್ತೀರಾ?” ಅಂತ ಕೇಳಿದರು. ದುಡ್ಡು ವಾಪಸು ಕೊಟ್ಟೆ. ಮುಂದಿನ ಸಲ ಪೋಚಂಪಲ್ಲಿಗೆ ಹೋದಾಗ ಮಗ್ಗದ ಮನೆ ಬಿಟ್ಟು ಬಣ್ಣದ ಮನೆಯಲ್ಲಿ ಕೂತೆ. ವಯಸ್ಸಾದ ಒಬ್ಬ ಬಣ್ಣಗಾರ ನನ್ನ ಸೀರೆಯ ತುಂಡನ್ನು ನೋಡಿ, ನೇಯ್ದವನದ್ದು ತಪ್ಪಿಲ್ಲಮ್ಮ, ಬಿಸಿನೀರಿಗೆ ಸೌದೆ ಉಳಿಸಿದವನದ್ದು ತಪ್ಪು ಅಂದ.

ಅವನ ಮಾತು ಬಿಡಿಸಿ ಹೇಳುತ್ತೇನೆ. ಹತ್ತಿಗೆ ಹಾಕುವ ಬಣ್ಣಗಳಲ್ಲಿ ಡೈರೆಕ್ಟ್ ಎಂಬುದು ಅಗ್ಗದ್ದು, ಸುಲಭದ್ದು. ಉಪ್ಪು ಹಾಕಿ ಕುದಿಸಿದರೆ ನೂಲನ್ನು ಹಿಡಿಯುತ್ತದೆ, ಹಿಡಿತ ಮಾತ್ರ ಸಡಿಲ, ಪ್ರತಿ ಒಗೆತಕ್ಕೂ ಸ್ವಲ್ಪ ಸ್ವಲ್ಪ ಕಳಚುತ್ತದೆ. ವ್ಯಾಟ್ ಎಂಬುದು ಇನ್ನೊಂದು ತುದಿ. ಅದನ್ನು ಕಾಸ್ಟಿಕ್ಕು, ಹೈಡ್ರೋಸ್ ಹಾಕಿ ಕರಗಿಸಿ ನೂಲಿನೊಳಗೆ ಇಳಿಸುತ್ತಾರೆ. ನೂಲನ್ನು ಗಾಳಿಗೆ ಹಿಡಿದಾಗ ಬಣ್ಣ ಒಳಗೇ ಮತ್ತೆ ಕರಗದ ರೂಪಕ್ಕೆ ತಿರುಗಿ ಸಿಕ್ಕಿಹಾಕಿಕೊಳ್ಳುತ್ತದೆ, ಆಮೇಲೆ ಸಾಬೂನಿಗೆ ಜಗ್ಗುವುದಿಲ್ಲ. ನಡುವೆ ಇರುವುದು ರಿಯಾಕ್ಟಿವ್. ಅದು ನೂಲಿಗೆ ಬೆಸೆದುಕೊಳ್ಳುತ್ತದೆ ಅಂದೆನಲ್ಲ, ಆದರೆ ತೊಟ್ಟಿಯಲ್ಲಿದ್ದ ಬಣ್ಣವೆಲ್ಲ ಬೆಸೆಯುವುದಿಲ್ಲ. ಒಂದಷ್ಟು ಪಾಲು ನೀರಿನ ಜೊತೆಗೇ ಕೂಡಿ ಕೆಟ್ಟು, ನೂಲಿಗೆ ಸುಮ್ಮನೆ ಮೆತ್ತಿಕೊಂಡಿರುತ್ತದೆ. ಅದನ್ನು ಕುದಿಯುವಷ್ಟು ಬಿಸಿಯ ಸಾಬೂನು ನೀರಿನಲ್ಲಿ ಹಲವು ಸಲ ತೊಳೆದು ತೆಗೆಯಬೇಕು. ಸೌದೆಯೋ ಗ್ಯಾಸೋ ನೀರೋ ಉಳಿಸಲು ಆ ತೊಳೆತವನ್ನು ಮೊಟಕು ಮಾಡಿದರೆ, ಉಳಿದದ್ದು ನಿನ್ನ ಬಕೆಟ್ಟಿನಲ್ಲಿ ಬಿಡುತ್ತದೆ. ಇಕ್ಕತ್‌ನಲ್ಲಿ ಕೆಂಪು ಎಳೆಯ ಮಗ್ಗುಲಲ್ಲೇ ಬಿಳಿ ಎಳೆ ಇರುವುದರಿಂದ ಬಿಟ್ಟ ಬಣ್ಣಕ್ಕೆ ದೂರ ಹೋಗುವ ತೊಂದರೆಯೇ ಇಲ್ಲ.

ಗುಜರಾತಿನ ಪಾಟನ್‌ನವರು ತಮ್ಮ ಪಟೋಲದ ಬಗ್ಗೆ, ಬಟ್ಟೆ ಹರಿದರೂ ಚಿತ್ರ ಮಾಸದು ಅನ್ನುತ್ತಾರಂತೆ. ಪೋಚಂಪಲ್ಲಿ ಕಡೆಯ ಪುಟ್ಟಪಾಕದ ತೇಲಿಯಾ ರುಮಾಲಿಗೂ ಆ ಹೆಸರಿದೆ. ಅಲ್ಲಿ ನೂಲನ್ನು ಎಣ್ಣೆ ಮತ್ತು ಹರಳಿನ ಸಿಪ್ಪೆಯ ಬೂದಿನೀರಿನಲ್ಲಿ ದಿನಗಟ್ಟಲೆ ಅದ್ದಿ ಒಣಗಿಸಿ ಹದ ಮಾಡಿ, ಆಮೇಲೆ ಅಲಿಜರಿನ್ ಕೆಂಪು ಹಿಡಿಸುತ್ತಾರೆ. ಹೊಸ ರುಮಾಲು ಮೂಸಿದರೆ ಎಣ್ಣೆಯ ವಾಸನೆ. ಆ ಕೀರ್ತಿ ಆ ಬಣ್ಣದ್ದು, ಆ ಹದದ್ದು. ಅದನ್ನು ಮಾರುಕಟ್ಟೆಯ ಎಲ್ಲ ಇಕ್ಕತ್ತಿಗೂ ಹಂಚಿ ಮಾರುತ್ತಿದ್ದ ನಮ್ಮಂಥವರೇ ನಿನ್ನನ್ನು ದಾರಿ ತಪ್ಪಿಸಿದ್ದು.

ಕೊಳ್ಳುವಾಗ ಬಣ್ಣದ ಜಾತಿ ಕೇಳು. ಉತ್ತರ ಸಿಗದಿದ್ದರೂ ಪರವಾಗಿಲ್ಲ, ಪರೀಕ್ಷೆ ನಿನ್ನ ಕೈಯಲ್ಲಿದೆ. ಬಿಳಿ ಹತ್ತಿ ಕರ್ಚೀಪನ್ನು ಒದ್ದೆ ಮಾಡಿ ಹಿಂಡಿ, ಬೆರಳಿಗೆ ಸುತ್ತಿಕೊಂಡು ಬಟ್ಟೆಯ ಗಾಢ ಬಣ್ಣದ ಮೇಲೆ ಹತ್ತು ಸಲ ಹಿಂದೆ ಮುಂದೆ ಉಜ್ಜು. ಪ್ರಯೋಗಾಲಯದಲ್ಲೂ ಮಾಡುವುದು ಇದನ್ನೇ, ಅಲ್ಲಿ ಬೆರಳಿನ ಬದಲು ಯಂತ್ರ, ಫಲಿತಾಂಶಕ್ಕೆ 1ರಿಂದ 5ರ ತನಕ ಅಂಕ, 5 ಅಂದರೆ ಒಳ್ಳೆಯದು. ಕರ್ಚೀಪಿಗೆ ತೆಳು ಛಾಯೆ ಬಂದರೆ ಹೆದರಬೇಡ, ಗಾಢ ಕೆಂಪು, ಕಪ್ಪು, ನೀಲಿಯಲ್ಲಿ ಅಷ್ಟು ಬಂದೇ ಬರುತ್ತದೆ. ಕುಂಕುಮ ಒರೆಸಿದ ಹಾಗಾದರೆ ಬಿಟ್ಟು ಬಾ. ಉಜ್ಜಿದರೆ ಬಿಟ್ಟು ಒಗೆದರೆ ನಿಲ್ಲುವ ಬಣ್ಣವೂ ಉಂಟು. ಅದಕ್ಕೆ ಮನೆಯಲ್ಲಿ ಎರಡನೇ ಪರೀಕ್ಷೆ. ಕುಚ್ಚಿನಿಂದ ನಾಲ್ಕು ಎಳೆ, ಇಲ್ಲವೇ ಹೊಲಿಗೆಯ ಒಳಗಿಂದ ಒಂದು ಚೂರು ಕತ್ತರಿಸಿ, ಬಿಳಿ ಹತ್ತಿಬಟ್ಟೆಯ ನಡುವೆ ಇಟ್ಟು ದಾರದಿಂದ ಕಟ್ಟಿ, ಒಗೆಯುವ ಸಾಬೂನಿನ ಉಗುರುಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ಬಿಡು. ಬಿಚ್ಚಿ ನೋಡಿದಾಗ ಬಿಳಿ ಬಿಳಿಯಾಗೇ ಇದ್ದರೆ ಧೈರ್ಯವಾಗಿ ಒಗೆ.

ನೀನು ಮಾಡಿದ್ದೇನು? ಅಜ್ಜಿ ಹೇಳಿದಳು ಅಂತ ದುಪಟ್ಟಾವನ್ನು ಉಪ್ಪು ನೀರಿನಲ್ಲಿ ರಾತ್ರಿ ನೆನೆಸಿದೆ. ಮರುದಿನ ಮೆಷಿನ್ನಿಗೆ ಹಾಕಿ ಮಲಗಿದೆ. ಬೆಳಿಗ್ಗೆ ಬಾಗಿಲು ತೆಗೆದಾಗ ಅದು ಮುದ್ದೆಯಾಗಿ ಒದ್ದೆಯಾಗೇ ಬಿದ್ದಿತ್ತು. ಉಪ್ಪಿನ ಮಾತು ನಮ್ಮ ಎಲ್ಲ ಮನೆಗಳಲ್ಲೂ ಇದೆ. ಬಣ್ಣ ಹಾಕುವ ತೊಟ್ಟಿಯಲ್ಲಿ ಉಪ್ಪಿಗೆ ಕೆಲಸ ಇದೆ, ನೀರಿನಲ್ಲಿರುವ ಬಣ್ಣವನ್ನು ನೂಲಿನ ಕಡೆ ದೂಡುತ್ತದೆ. ಅಲ್ಲಿಂದ ಕೇಳಿ ಬಂದ ಪದ್ಧತಿ ಇರಬೇಕು. ಮನೆಯ ಬಕೆಟ್ಟಿನಲ್ಲಿ ಅದು ಬಣ್ಣವನ್ನು ಬೆಸೆಯುವುದಿಲ್ಲ. ನೆನೆಸಿಟ್ಟಷ್ಟು ಹೊತ್ತು ಸಡಿಲ ಕೆಂಪು ಬಿಡುತ್ತಲೇ ಇರುತ್ತದೆ, ಉಪ್ಪು ಅದನ್ನು ಪಕ್ಕದ ಬಿಳಿ ನೂಲಿಗೇ ದೂಡಿದರೂ ದೂಡೀತು. ವಿನೆಗರ್ ಕೂಡ ಹತ್ತಿಗೆ ಏನೂ ಮಾಡುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ಮೆಷಿನ್ನಿನಲ್ಲಿ ಒದ್ದೆಯಾಗಿ ಮಲಗಿದ ರಾತ್ರಿ. ಬಣ್ಣ ಬಿಡುವ ಬಟ್ಟೆಗೆ ಹರಿಯುವ ನೀರು ಅಷ್ಟು ಕೆಟ್ಟದ್ದಲ್ಲ, ನಿಂತ ಒದ್ದೆ ಕೆಟ್ಟದ್ದು.

ಆದ್ದರಿಂದ ಹೊಸ ಇಕ್ಕತ್ತಿನ ಮೊದಲ ಒಗೆತ ಹೀಗಿರಲಿ. ಬೇರೆ ಯಾವ ಬಟ್ಟೆಯೂ ಜೊತೆಗೆ ಬೇಡ. ದೊಡ್ಡ ಬಕೆಟ್ಟು ತುಂಬ ನೀರು, ಸ್ವಲ್ಪವೇ ಸಾಬೂನು. ಬಟ್ಟೆ ಹಾಕಿ ಕೈ ಬಿಡದೆ ಆಡಿಸು, ಐದು ನಿಮಿಷಕ್ಕಿಂತ ಹೆಚ್ಚು ಬೇಡ. ನೀರು ಚೆಲ್ಲಿ ಹೊಸ ನೀರಿನಲ್ಲಿ ಜಾಲಿಸು, ನೀರು ತಿಳಿಯಾಗುವ ತನಕ. ತಿರುಚಿ ಹಿಂಡದೆ ಒಣ ಟವೆಲ್ಲಿನಲ್ಲಿ ಒತ್ತಿ, ತಕ್ಷಣ ನೆರಳಿನಲ್ಲಿ ಹರವು. ತಂತಿಯ ಮೇಲೆ ನಾಲ್ಕು ಮಡಿಕೆ ಮಾಡಿ ಹಾಕಬೇಡ, ಕೆಂಪು ಬಿಳಿಯ ಮೇಲೆ ಮಲಗಬಾರದು.

ರೇಷ್ಮೆ ಇಕ್ಕತ್ತಿಗೆ ಲೆಕ್ಕ ಬೇರೆ. ರೇಷ್ಮೆಗೆ ಹಾಕುವ ಬಣ್ಣಗಳಲ್ಲಿ ಹೆಚ್ಚಿನವು ಹುಳಿ ನೀರಿನಲ್ಲಿ ಹಿಡಿಯುವಂಥವು, ಒಗೆಯುವ ಪುಡಿಯಲ್ಲಿರುವುದು ಕ್ಷಾರ. ಕ್ಷಾರ ತಗುಲಿದರೆ ಬಣ್ಣವೂ ಬಿಡುತ್ತದೆ, ರೇಷ್ಮೆಯ ಎಳೆಯೂ ಒರಟಾಗುತ್ತದೆ. ಅಂಟುವಾಳದ ನೊರೆ ಅಥವಾ ರೇಷ್ಮೆಗೆಂದೇ ಬರುವ ದ್ರವ, ತಣ್ಣೀರು, ಎರಡು ನಿಮಿಷ. ಜರಿ ಇದ್ದರೆ, ಅಂಚು ಗಾಢವಿದ್ದು ಒಡಲು ತೆಳುಬಣ್ಣವಿದ್ದರೆ ಡ್ರೈಕ್ಲೀನಿಗೇ ಕೊಡು.

ಪಿಗ್ಮೆಂಟ್ ಪ್ರಿಂಟಿಗೆ ಇದರ ತದ್ವಿರುದ್ಧ. ಡ್ರೈಕ್ಲೀನಿನ ದ್ರಾವಣ ಕೆಲವು ಅಂಟುಗಳನ್ನು ಉಬ್ಬಿಸಿ ಸಡಿಲಿಸುತ್ತದೆ, ಹಾಗಾಗಿ ದುಬಾರಿ ಆರೈಕೆ ಅದಕ್ಕೆ ಕೆಡುಕೇ. ನೀರು ಅದಕ್ಕೆ ತೊಂದರೆಯಿಲ್ಲ. ಒಳಮೈ ಹೊರಗೆ ಮಾಡಿ ಒಗೆ. ಕಾಲರಿಗೆ ಬ್ರಷ್ಷು ಬೇಡ, ಸಾಬೂನು ಹಚ್ಚಿ ಕಾಲು ಗಂಟೆ ಬಿಟ್ಟರೆ ಕೊಳೆ ತಾನೇ ಸಡಿಲವಾಗುತ್ತದೆ. ಮೆಷಿನ್ನಿನಲ್ಲಿ ಜೀನ್ಸಿನ ಜೊತೆ ಹಾಕಬೇಡ, ಜಿಪ್ಪೂ ಗುಂಡಿಯೂ ಉಪ್ಪುಕಾಗದದ ಕೆಲಸ ಮಾಡುತ್ತವೆ. ಇಸ್ತ್ರಿ ಹಿಂಬದಿಯಿಂದ. ಬೆಳ್ಳಗಾದ ಕಾಲರಿಗೆ ಇನ್ನು ಮದ್ದಿಲ್ಲ. ಕುರ್ತಾವನ್ನು ಮನೆಯಲ್ಲಿ ಹಾಕಿಕೋ.

ದುಪಟ್ಟಾಕ್ಕೆ ಮದ್ದು ಇದ್ದೀತು ಅನ್ನಿಸಿತು. ನೀನು ಅದಕ್ಕೆ ಇನ್ನೂ ಇಸ್ತ್ರಿ ಮಾಡಿರಲಿಲ್ಲ, ಅದು ಒಳ್ಳೆಯದಾಯಿತು. ಮೊದಲು ಕುಚ್ಚಿನ ಎರಡು ಎಳೆಯನ್ನು ಕೈ ಸುಡುವಷ್ಟು ಬಿಸಿ ಸಾಬೂನು ನೀರಿನಲ್ಲಿ ಹಾಕಿ ನೋಡಿದೆ. ನೀರು ಕೆಂಪಾಯಿತು, ಎಳೆಯ ಕೆಂಪು ಕಮ್ಮಿಯಾಗಲಿಲ್ಲ. ಆಗ ಧೈರ್ಯ ಬಂತು. ಇಡೀ ದುಪಟ್ಟಾವನ್ನು ದೊಡ್ಡ ಟಬ್ಬಿನಲ್ಲಿ, ಅಷ್ಟೇ ಬಿಸಿಯ ನೀರಿನಲ್ಲಿ, ಕೋಲಿನಿಂದ ಆಡಿಸುತ್ತಲೇ ಹತ್ತು ನಿಮಿಷ ಇಟ್ಟೆ. ಮೊದಲ ನೀರು ಪುನರ್ಪುಳಿ ಪಾನಕದ ಹಾಗೆ. ಚೆಲ್ಲಿ ಮತ್ತೆ ಬಿಸಿನೀರು. ನಾಲ್ಕನೆಯದಕ್ಕೆ ತೆಳು ಗುಲಾಬಿ, ಏಳನೆಯದಕ್ಕೆ ಸ್ವಚ್ಛ. ಹೀಗೆ ಪ್ರತಿ ಸಲ ಕಮ್ಮಿಯಾಗುತ್ತ ತಿಳಿಯಾದರೆ, ಹೋದದ್ದು ತೊಳೆಯದೆ ಉಳಿಸಿದ್ದ ಹೆಚ್ಚುವರಿ ಬಣ್ಣ ಎಂದರ್ಥ. ಎಷ್ಟು ಸಲ ಬದಲಿಸಿದರೂ ನೀರು ಅಷ್ಟೇ ಕೆಂಪಾಗಿ, ಬಟ್ಟೆಯ ಕೆಂಪೂ ಇಳಿಯುತ್ತ ಹೋಗಿದ್ದರೆ ಅದು ಸಡಿಲ ಜಾತಿಯ ಬಣ್ಣ. ಆಗ ಅಲ್ಲಿಗೇ ನಿಲ್ಲಿಸಿ, ಮುಂದೆ ತಣ್ಣೀರಿನಲ್ಲಿ ಅಪರೂಪಕ್ಕೊಮ್ಮೆ ಒಗೆಯುತ್ತ ಆ ದುಪಟ್ಟಾದ ಜೊತೆ ಬಾಳಬೇಕಿತ್ತು.

ಚೌಕಗಳು ಹಾಲಿನ ಬಿಳಿಗೆ ಬಂದಿಲ್ಲ, ಕೆನೆಬಣ್ಣಕ್ಕೆ ಬಂದಿವೆ. ಒಂದು ಮೂಲೆಯಲ್ಲಿ ಅಂಗೈಯಗಲ ಗುಲಾಬಿ ಉಳಿದಿದೆ, ಮೆಷಿನ್ನಿನಲ್ಲಿ ಮುದ್ದೆಯ ಒಳಗೆ ಸಿಕ್ಕಿದ್ದ ಮೂಲೆ ಅದೇ ಇರಬೇಕು. ಭುಜದ ಹಿಂದಕ್ಕೆ ಹೋಗುವ ಹಾಗೆ ಹೊದ್ದುಕೋ, ಯಾರಿಗೂ ಕಾಣುವುದಿಲ್ಲ. ನಾಳೆ ಕೊರಿಯರ್ ಮಾಡುತ್ತೇನೆ. ಕುಣಿಕೆ ಕತ್ತರಿಸಬೇಡ ಅಂದೆನಲ್ಲ, ಎರಡು ಕಡೆ ಆಗಲೇ ಕತ್ತರಿ ಆಡಿಸಿದ್ದೀಯ. ಆ ಕಡೆ ಎಳೆ ಬಿಚ್ಚದ ಹಾಗೆ ನಾಲ್ಕು ಹೊಲಿಗೆ ಹಾಕಿದ್ದೇನೆ, ನೋಡಿಕೋ.

— ದೊಡ್ಡಮ್ಮ